ವೇರಿಯನ್ಸ್ ಪುಟದ ಆರು ಸಾಲು: ಉತ್ಪಾದನಾ ವಿಭಾಗದ ಮುಖ್ಯಸ್ಥರಿಗೆ

ಗುಬ್ಬಿ ತಾಲ್ಲೂಕಿನಲ್ಲಿ ತೆಂಗಿನ ಪೌಡರ್ ಮಾಡುವ ಕಾರ್ಖಾನೆಯೊಂದಕ್ಕೆ ಹೊಂದುವಂತೆ ಈ ಮಾದರಿ ಪುಟವನ್ನು ಬರೆದುಕೊಂಡಿದ್ದೇನೆ. ಅಂಕಿಗಳೆಲ್ಲ ಲೆಕ್ಕ ತಿಳಿಸಲು ಇಟ್ಟವು. ಕ್ರಮ ಮಾತ್ರ ನಿಮ್ಮ ಮೇಜಿಗೆ ಪ್ರತಿ ತಿಂಗಳು ಬರುವ ಇಂಗ್ಲಿಷ್ ವರದಿಯದೇ.

ಮೆಟೀರಿಯಲ್ ಕಾಸ್ಟ್: ಬಜೆಟ್ 22,50,000, ಆ್ಯಕ್ಚುಯಲ್ 24,61,000, ವೇರಿಯನ್ಸ್ 2,11,000 ಎ

‘ಎ’ ಎಂದರೆ ಅಡ್ವರ್ಸ್, ಅಂದರೆ ಈ ಸಾಲು ಲಾಭವನ್ನು ಬಜೆಟ್‌ಗಿಂತ ಕೆಳಗೆ ಎಳೆದಿದೆ. ‘ಎಫ್’ ಎಂದರೆ ಫೇವರಬಲ್, ಲಾಭವನ್ನು ಮೇಲಕ್ಕೆ ತಂದಿದೆ. ಖರ್ಚು ಹೆಚ್ಚಿದರೆ ಎ. ಮಾರಾಟ ಹೆಚ್ಚಿದರೆ ಎಫ್. ಹಾಗಾಗಿ ಅಂಕಿ ಏರಿತೋ ಇಳಿಯಿತೋ ಎಂದು ನೋಡುವ ಮೊದಲು ಅದು ಖರ್ಚಿನ ಸಾಲೋ ಆದಾಯದ ಸಾಲೋ ಎಂದು ನೋಡಿ.

ಎರಡು ಲಕ್ಷದ ಎ ಕಂಡು ಗಾಬರಿಯಾಗಬೇಡಿ. ಬಜೆಟ್ ಹಾಕಿದ್ದು 10,000 ಕಿಲೋ ಪೌಡರಿಗೆ, ನೀವು ತೆಗೆದದ್ದು 11,000 ಕಿಲೋ. ಹೆಚ್ಚು ಪೌಡರಿಗೆ ಹೆಚ್ಚು ಕಾಯಿ ಬೇಕೇ ಬೇಕು.

ಫ್ಲೆಕ್ಸ್ಡ್ ಬಜೆಟ್ 24,75,000, ವೇರಿಯನ್ಸ್ 14,000 ಎಫ್

ನಿಜವಾದ ಹೋಲಿಕೆ ಇಲ್ಲಿದೆ. ಒಂದು ಕಿಲೋ ಪೌಡರಿಗೆ 9 ಕಾಯಿ, ಕಾಯಿಗೆ 25 ರೂಪಾಯಿ ಎಂಬುದು ಸ್ಟ್ಯಾಂಡರ್ಡ್. ಆ ದರದಲ್ಲಿ 11,000 ಕಿಲೋಗೆ ಎಷ್ಟಾಗಬೇಕಿತ್ತೋ ಅದೇ ಫ್ಲೆಕ್ಸ್ಡ್ ಬಜೆಟ್. ಈ ಸಾಲೇ ಇಲ್ಲದ ವರದಿ ಬಂದರೆ ಅಕೌಂಟ್ಸ್‌ನವರಿಂದ ಕೇಳಿ ಪಡೆಯಿರಿ. ಅದಿಲ್ಲದಿದ್ದರೆ ಹೆಚ್ಚು ಮಾಲು ತೆಗೆದ ತಿಂಗಳಲ್ಲೆಲ್ಲ ನೀವು ದುಂದು ಮಾಡಿದವರಂತೆ ಕಾಣುತ್ತೀರಿ.

ಮೆಟೀರಿಯಲ್ ಪ್ರೈಸ್ ವೇರಿಯನ್ಸ್ 2,14,000 ಎಫ್

ಕಾಯಿ 23 ರೂಪಾಯಿಗೆ ಸಿಕ್ಕಿದೆ. 2 ರೂಪಾಯಿ ಉಳಿತಾಯವನ್ನು ಬಳಸಿದ 1,07,000 ಕಾಯಿಯಿಂದ ಗುಣಿಸಿದರೆ ಈ ಮೊತ್ತ. ಇದು ಖರೀದಿ ವಿಭಾಗದ ಹೆಸರಿಗೆ ಹೋಗುತ್ತದೆ. ಇಲ್ಲೇ ನಿಂತರೆ ಅವರಿಗೆ ಶಹಬ್ಬಾಸ್ ಎನ್ನಬೇಕಾಗುತ್ತದೆ. ಕೆಳಗಿನ ಸಾಲು ಓದದೆ ಹಾಗೆನ್ನಬಾರದು.

ಮೆಟೀರಿಯಲ್ ಯೂಸೇಜ್ ವೇರಿಯನ್ಸ್ 2,00,000 ಎ

11,000 ಕಿಲೋಗೆ 99,000 ಕಾಯಿ ಸಾಕಿತ್ತು, 8,000 ಹೆಚ್ಚು ಒಡೆದಿದ್ದೀರಿ. ಅದನ್ನು ಸ್ಟ್ಯಾಂಡರ್ಡ್ ದರ 25ರಿಂದ ಗುಣಿಸಿದ್ದಾರೆ. ಖರೀದಿಯವರ ದರದ ಏರಿಳಿತ ನಿಮ್ಮ ಲೆಕ್ಕದೊಳಗೆ ಬರಬಾರದೆಂದೇ ಹೀಗೆ ಮಾಡುವುದು.

ಕಾರಣ ಎರಡರಲ್ಲಿ ಒಂದಿರಬಹುದು. ಕಾಯಿಯೇ ಸಣ್ಣದು, ಒಳಗೆ ತಿರುಳು ತೆಳು. ಇಲ್ಲವೇ ಕಪ್ಪು ಸಿಪ್ಪೆ ಹೆರೆಯುವಾಗ ಬಿಳಿ ತಿರುಳೂ ದಪ್ಪಗೆ ಹೋಗುತ್ತಿದೆ. ಯಾವುದೆಂದು ಲೋಡ್ ರಿಜಿಸ್ಟರ್ ಹೇಳುತ್ತದೆ. ಸಾವಿರ ಕಾಯಿಗೆ ಸುಮಾರು 111 ಕಿಲೋ ಬರಬೇಕು, ಈ ತಿಂಗಳ ಸರಾಸರಿ 103. ಪ್ರತಿ ಲೋಡಿನ ಇಳುವರಿಯನ್ನು ಬೇರೆ ಬೇರೆ ಬರೆದು ನೋಡಿ. ಅಗ್ಗದ ಲೋಡುಗಳಲ್ಲಿ ಮಾತ್ರ ಕುಸಿದಿದ್ದರೆ ಕಾಯಿಯ ದೋಷ. ಎಲ್ಲ ಲೋಡುಗಳಲ್ಲೂ ಒಂದೇ ಸಮ ಕುಸಿದಿದ್ದರೆ ಹೆರೆಯುವ ಕಡೆ ಹೋಗಿ ನಿಂತು ಸಿಪ್ಪೆಯ ರಾಶಿಯಲ್ಲಿ ಎಷ್ಟು ಬಿಳಿ ಇದೆ ಎಂದು ಕಣ್ಣಾರೆ ನೋಡಬೇಕು. ಆಗ ತಪ್ಪು ನಿಮ್ಮ ವಿಭಾಗದ್ದೇ, ಒಪ್ಪಿಕೊಳ್ಳಿ.

ನಮ್ಮ ಸೀಮೆಗೆ ಇನ್ನೊಂದು ಕಾರಣವೂ ಇದೆ. ತಿಪಟೂರಿನಲ್ಲಿ ಉಂಡೆ ಕೊಬ್ಬರಿಯ ಬೆಲೆ ಏರಿದಾಗ ರೈತರು ಒಳ್ಳೆಯ ಕಾಯಿಯನ್ನು ಕೊಬ್ಬರಿಗೆಂದು ಅಟ್ಟಕ್ಕೇರಿಸುತ್ತಾರೆ, ಹಸಿ ಕಾಯಿಯ ಮಾರುಕಟ್ಟೆಗೆ ಉಳಿದದ್ದು ಬರುತ್ತದೆ. ಅಂಥ ತಿಂಗಳಲ್ಲಿ 9 ಕಾಯಿಯ ಸ್ಟ್ಯಾಂಡರ್ಡೇ ಹೊಂದದೆ ಹೋಗಬಹುದು.

ಲೇಬರ್ ಎಫಿಶಿಯೆನ್ಸಿ ವೇರಿಯನ್ಸ್ 16,000 ಎ

ಚಿಪ್ಪು ಬಿಡಿಸಿ ಸಿಪ್ಪೆ ಹೆರೆಯಲು ಕಾಯಿಗೆ 2 ರೂಪಾಯಿ ಕೂಲಿ. ಹೆಚ್ಚುವರಿ 8,000 ಕಾಯಿಗೂ ಅದನ್ನು ಕೊಟ್ಟಿದ್ದೀರಿ. ಹೆಸರಿನಲ್ಲಿ ಎಫಿಶಿಯೆನ್ಸಿ ಇದ್ದ ಮಾತ್ರಕ್ಕೆ ಹೆರೆಯುವ ಹೆಂಗಸರು ನಿಧಾನ ಮಾಡಿದರೆಂದು ತಿಳಿಯಬೇಡಿ, ಕೆಲಸವೇ ಹೆಚ್ಚು ಬಿತ್ತು.

ಈಗ ಮೂರನ್ನೂ ಕೂಡಿಸಿ: ದರದಲ್ಲಿ 2,14,000 ಉಳಿಯಿತು, ಕಾಯಿಯಲ್ಲಿ 2,00,000 ಹೋಯಿತು, ಕೂಲಿಯಲ್ಲಿ 16,000 ಹೋಯಿತು. ಅಗ್ಗದ ಕಾಯಿಯಿಂದ ಕಾರ್ಖಾನೆಗೆ ಕೊನೆಗೆ 2,000 ನಷ್ಟ. ಹೆಚ್ಚಿಗೆ ಬಂದ ಚಿಪ್ಪು ಮಾರಿದ ಹಣ ಈ ಲೆಕ್ಕದಲ್ಲಿಲ್ಲ, ಅದನ್ನೂ ಸೇರಿಸಿ ನೋಡುವುದು ನ್ಯಾಯ.

ರಿಪೇರ್ಸ್ 60,000 ಎಫ್, ಟೈಮಿಂಗ್

ಡ್ರೈಯರ್ ಸರ್ವಿಸ್ ಈ ತಿಂಗಳು ಆಗಲಿಲ್ಲ, ಅಷ್ಟೇ. ಪಕ್ಕದ ‘ಟೈಮಿಂಗ್’ ಎಂಬ ಷರಾ ಅದನ್ನೇ ಹೇಳುತ್ತಿದೆ: ಮುಂದಿನ ತಿಂಗಳು ಇದೇ 60,000 ಎ ಆಗಿ ಬರುತ್ತದೆ. ಷರಾ ಇಲ್ಲದಿದ್ದರೆ ನೀವೇ ಬರೆಸಿ. ಯೂಸೇಜ್ ಸಾಲಿನ ಎದುರಿಗೂ ‘ಕಾಯಿ ಸರಿಯಿರಲಿಲ್ಲ’ ಎಂದಷ್ಟೇ ಬರೆಯದೆ, ಯಾವ ಲೋಡುಗಳು, ಸಾವಿರಕ್ಕೆ ಎಷ್ಟು ಕಿಲೋ ಬಂತು, ಖರೀದಿಯವರಿಗೆ ಯಾವತ್ತು ತಿಳಿಸಿದಿರಿ ಎಂಬುದನ್ನು ಬರೆದು ಕಳುಹಿಸಿ.