107ನೆಯ ಕೀರ್ತನೆ: ನಾಲ್ಕು ದೃಶ್ಯಗಳು, ಒಂದು ಪಲ್ಲವಿ

107ನೆಯ ಕೀರ್ತನೆಯನ್ನು ಸ್ತೋತ್ರಗೀತೆಯೆಂದಷ್ಟೇ ಓದಿ ಮುಂದೆ ಸಾಗುವಾಗ, ಅದರ ಚರಣಗಳೂ ಪಲ್ಲವಿಯೂ ಎರಡು ಬಗೆಯ ಭಾಷೆಯನ್ನಾಡುತ್ತವೆಂಬುದು ನಮ್ಮ ಗಮನಕ್ಕೆ ಬರುವುದಿಲ್ಲ. ಚರಣಗಳಲ್ಲಿ ನಾವು ಕಾಣುವುದು ಅರಣ್ಯದಲ್ಲಿ ದಾರಿತಪ್ಪಿ ಹಸಿದವರನ್ನು, ಕತ್ತಲಲ್ಲಿ ಬೇಡಿಬಿದ್ದ ಸೆರೆಯವರನ್ನು, ಊಟವೇ ಸೇರದೆ ಮರಣದ್ವಾರ ಮುಟ್ಟಿದ ರೋಗಿಗಳನ್ನು, ಬಿರುಗಾಳಿಗೆ ಸಿಕ್ಕಿದ ನಾವಿಕರನ್ನು. ಪಲ್ಲವಿಯಲ್ಲಾದರೋ (8, 15, 21, 31ನೆಯ ವಚನಗಳು) ಅರಣ್ಯವೂ ಇಲ್ಲ, ಹಡಗೂ ಇಲ್ಲ; ಕೃಪೆ, ಅದ್ಭುತಕಾರ್ಯ, ಮಾನವರು ಎಂಬ ಸಾಮಾನ್ಯ ಪದಗಳು ಮಾತ್ರ. ಇಬ್ರಿಯ ಮೂಲದಲ್ಲಿ ಈ ಸಾಲು ನಾಲ್ಕು ಸಲವೂ ಒಂದಿಷ್ಟೂ ಬದಲಾಗದು. ಅದಕ್ಕೆ ಮೊದಲು ಬರುವ ಮೊರೆಯ ಸಾಲು ಹಾಗಲ್ಲ: ಅಲ್ಲಿ ಬಿಡುಗಡೆಯ ಕ್ರಿಯಾಪದವು ಒಮ್ಮೆ ತಪ್ಪಿಸುವುದು, ಎರಡು ಸಲ ರಕ್ಷಿಸುವುದು, ಕಡೆಗೆ ಹೊರತರುವುದು.

ಬದಲಾಗದ ಈ ಮಾತು ಸವಕಲಾಗದಿರಲು ಕಾರಣವು ಚರಣಗಳಲ್ಲಿಯೇ ಇದೆ. ಸೆರೆಯವರು ದೇವರ ಮಾತಿಗೆ ತಿರುಗಿಬಿದ್ದವರು; ರೋಗಿಗಳು ತಮ್ಮ ಅಪರಾಧದಿಂದಲೇ ಬಾಧೆಗೊಂಡವರು. ದಾರಿತಪ್ಪಿದವರ ಮೇಲಾಗಲಿ ನಾವಿಕರ ಮೇಲಾಗಲಿ ಕವಿಯು ಯಾವ ದೋಷವನ್ನೂ ಹೊರಿಸುವುದಿಲ್ಲ. ನಾವಿಕರು ವ್ಯಾಪಾರಕ್ಕೆ ಹೊರಟವರು, ಅಷ್ಟೇ. ಗಾಳಿಯನ್ನು ಎಬ್ಬಿಸಿದವನೂ ದೇವರೇ. (ಅವರಲ್ಲಿ ಗುಪ್ತಪಾಪವನ್ನು ಹುಡುಕುವ ಪ್ರಸಂಗಗಳನ್ನು ನಾವು ಕೇಳಿದ್ದೇವೆ, ವಚನಗಳಲ್ಲಿ ಅದಕ್ಕೆ ಆಧಾರವಿಲ್ಲ.) ತಪ್ಪಿತಸ್ಥರಿಗೂ ತಪ್ಪಿಲ್ಲದವರಿಗೂ ಒಂದೇ ಪಲ್ಲವಿಯನ್ನು ಹಾಡಿಸಿದಾಗ, ಹೆಸೆದ್ ಎಂಬ ಆ ಪದವು ಕ್ಷಮೆಯೆಂದು ಮಾತ್ರವಾಗಲಿ ನೆರವೆಂದು ಮಾತ್ರವಾಗಲಿ ಕುಗ್ಗಲಾರದು. ಪಾಠಪಟ್ಟಿಗಾಗಿ ಒಂದೇ ದೃಶ್ಯವನ್ನು ಬಿಡಿಸಿ ಓದಿದರೆ ತಪ್ಪಿಹೋಗುವುದು ಇದೇ.

ಮೊದಲೆರಡು ಸಲ ಪಲ್ಲವಿಯಾದ ಮೇಲೆ ಕಾರಣವು ಬರುತ್ತದೆ, ಅದೂ ದೃಶ್ಯದ ಭಾಷೆಯಲ್ಲಿ: ಬಾಯಾರಿದವನು ತಣಿದನು, ತಾಮ್ರದ ಬಾಗಿಲುಗಳು ಮುರಿದವು. ಮುಂದಿನೆರಡು ಸಲ ಕಾರಣವಿಲ್ಲ, ಕರ್ತವ್ಯವಿದೆ: ಯಜ್ಞವನ್ನರ್ಪಿಸಬೇಕು, ಜನರ ಸಭೆಯಲ್ಲಿ ಹೊಗಳಬೇಕು. ಸಾಕ್ಷ್ಯವನ್ನು ಕಂಡಾದ ಮೇಲೆ ಪಲ್ಲವಿಯು ಕೇಳುವವರ ಕಡೆಗೆ ತಿರುಗುತ್ತದೆ. ನಾಲ್ಕನೆಯ ದೃಶ್ಯವೇ ಎಲ್ಲಕ್ಕಿಂತ ದೀರ್ಘ. ಮೊರೆಗೆ ಮುನ್ನವೇ ಐದು ವಚನಗಳು. ಅಲೆಗಳು ಆಕಾಶಕ್ಕೇರಿ ಪಾತಾಳಕ್ಕಿಳಿಯುತ್ತವೆ, ನುರಿತ ನಾವಿಕರು ಕುಡುಕರಂತೆ ತೂರಾಡುತ್ತಾರೆ, ಅವರ ಜಾಣತನವೆಲ್ಲ ನುಂಗಿಹೋಗುತ್ತದೆ. ಇಷ್ಟು ಕಾಯಿಸಿದ ಮೇಲೆ ಬರುವ ಆ ಸಾಮಾನ್ಯ ಪದಗಳು ನಮಗೆ ಹೊಸದಾಗಿ ಕೇಳಿಸುತ್ತವೆ.

33ನೆಯ ವಚನದಿಂದ ಪಲ್ಲವಿಯೇ ನಿಲ್ಲುತ್ತದೆ. ನದಿಗಳು ಅರಣ್ಯವಾಗುವ, ಅರಣ್ಯವು ಕೆರೆಯಾಗುವ ಈ ಭಾಗವನ್ನು ನಂತರ ಸೇರಿಸಿದ್ದೆಂದು ಹಲವು ವಿದ್ವಾಂಸರು ಎಣಿಸುತ್ತಾರೆ. ಹಾಗಿದ್ದರೂ ಸೇರಿಸಿದವನು ರಚನೆಯನ್ನು ಬಲ್ಲವನೆಂದೇ ನಮ್ಮ ಅಭಿಪ್ರಾಯ. ಮೊದಲ ವಚನದಲ್ಲಿಯೂ ನಾಲ್ಕು ಪಲ್ಲವಿಗಳಲ್ಲಿಯೂ ಏಕವಚನದಲ್ಲಿದ್ದ ಹೆಸೆದ್, 43ನೆಯ ವಚನದಲ್ಲಿ ಬಹುವಚನದಲ್ಲಿದೆ.