ವಂದನೆ, ಗೀತ ಮತ್ತು ಕಾರ್ಯ: ‘ಟ್ವೆಲ್ಫ್ತ್ ನೈಟ್’ ನಾಟಕದ ಎರಡು ದೃಶ್ಯಗಳು

ಕಂಡೊಡನೆ ಕುಶಲ ನುಡಿದು ಹಾಡನ್ನೋ ಹಾಸ್ಯವನ್ನೋ ಬೇಡುವವರಿಗೆ, ಅದನ್ನು ಸಲ್ಲಿಸಿಯೂ ಮುಂದಿನ ಕಾರ್ಯಕ್ಕೆ ಎಡೆಯುಳಿಸುವುದು ಹೇಗೆ? ಷೇಕ್ಸ್‌ಪಿಯರನ ಈ ನಾಟಕದ ಎರಡನೆಯ ಅಂಕದಲ್ಲಿ ಒಂದರ ಬೆನ್ನಿಗೊಂದು ಬರುವ ಎರಡು ದೃಶ್ಯಗಳನ್ನು ಈ ದೃಷ್ಟಿಯಿಂದ ಹೋಲಿಸಬಹುದು. 1602ರ ಫೆಬ್ರುವರಿಯಲ್ಲಿ ಲಂಡನ್ನಿನಲ್ಲಿ ಇದರ ಪ್ರಯೋಗವನ್ನು ಕಂಡ ಜಾನ್ ಮ್ಯಾನಿಂಗ್‌ಹ್ಯಾಮ್ ತನ್ನ ದಿನಚರಿಯಲ್ಲಿ ಮೆಚ್ಚಿದ್ದು ಮನೆವಾರ್ತೆಯವನು ಮೋಸಹೋದ ಪ್ರಸಂಗವನ್ನು. ನಾವಾದರೋ ವಿದೂಷಕ ಫೆಸ್ಟೆಯ ನಡತೆಯನ್ನು ಪರಿಶೀಲಿಸುತ್ತೇವೆ.

ಮೂರನೆಯ ದೃಶ್ಯದಲ್ಲಿ ನಡುರಾತ್ರಿ ಸರ್ ಟೋಬಿ ಮತ್ತು ಸರ್ ಆಂಡ್ರ್ಯೂ ಅವನನ್ನು ಸ್ವಾಗತಿಸಿ ಹಾಡು ಕೇಳುತ್ತಾರೆ. ಎಂತಹ ಹಾಡು ಬೇಕೆಂದು ಅವನು ಮೊದಲು ವಿಚಾರಿಸಿ, ಅವರು ಬಯಸಿದ ಪ್ರೇಮಗೀತವನ್ನೇ ಹಾಡುತ್ತಾನೆ. ಇಷ್ಟರವರೆಗೆ ದೋಷವಿಲ್ಲ. ಆದರೆ ಗೀತ ಮುಗಿದರೂ ಅವನು ನಿಲ್ಲದೆ ಅವರ ಗದ್ದಲದ ಹಾಡಿಗೂ ದನಿಗೂಡಿಸುತ್ತಾನೆ. ಕೊನೆಗೆ ಮಾಲ್ವೋಲಿಯೋ ಬಂದು ಗದರಿಸಬೇಕಾಗುತ್ತದೆ.

ನಾಲ್ಕನೆಯ ದೃಶ್ಯದಲ್ಲಿ ಡ್ಯೂಕ್ ಆರ್ಸಿನೋ ನೆರೆದವರಿಗೆ ಶುಭೋದಯ ಹೇಳಿದೊಡನೆಯೇ ಹಿಂದಿನ ರಾತ್ರಿ ಕೇಳಿದ ಹಳೆಯ ಹಾಡನ್ನು ಬಯಸುತ್ತಾನೆ. ಕರೆತಂದ ಫೆಸ್ಟೆ ಒಂದೇ ಹಾಡನ್ನು ಹಾಡಿ, ಸಂಭಾವನೆ ಪಡೆದು, ಡ್ಯೂಕನ ಚಂಚಲ ಮನಸ್ಸನ್ನು ಕುರಿತು ಒಂದು ಚಾಟೋಕ್ತಿಯಾಡಿ ನಿರ್ಗಮಿಸುತ್ತಾನೆ. ಬಳಿಕ ಡ್ಯೂಕನು ಉಳಿದವರನ್ನೂ ಕಳುಹಿಸಿ, ಒಲಿವಿಯಾಳಲ್ಲಿಗೆ ಸಂದೇಶ ಒಯ್ಯುವ ಕಾರ್ಯವನ್ನು ಸೆಸಾರಿಯೋಗೆ ವಹಿಸುತ್ತಾನೆ.

ಈ ಹಾಡನ್ನು ಡ್ಯೂಕನ ವಿಷಾದಕ್ಕೆ ಅಲಂಕಾರವೆಂದಷ್ಟೇ ಓದುವುದು ಅಪೂರ್ಣವೆಂದು ನಮ್ಮ ಅಭಿಪ್ರಾಯ. ಹಾಡಿದವನು ಮುಗಿಸಬಲ್ಲನಾದ್ದರಿಂದಲೇ ಕಾರ್ಯಕ್ಕೆ ಎಡೆ ದೊರೆಯಿತು. ಆದರೂ ಕೀರ್ತಿಯೆಲ್ಲ ಅವನದಲ್ಲ: ಡ್ಯೂಕನಿಗೆ ಮಾಡಿಸಬೇಕಾದ ಕಾರ್ಯವಿತ್ತು, ಟೋಬಿಗೆ ಏನೂ ಇರಲಿಲ್ಲ.