ಜೂನ್ ಐದರ ಸಸಿ, ಮೇ ತಿಂಗಳ ಲೆಕ್ಕ

1972ರ ಜೂನ್ 5ರಂದು ಸ್ಟಾಕ್‌ಹೋಮ್‌ನಲ್ಲಿ ಆರಂಭವಾದ ವಿಶ್ವಸಂಸ್ಥೆಯ ಸಮ್ಮೇಳನದ ನೆನಪಿಗೆ 1973ರಿಂದ ಆಚರಿಸುತ್ತ ಬಂದಿರುವ ವಿಶ್ವ ಪರಿಸರ ದಿನವು ನರ್ಸರಿಗಳ ಪಾಲಿಗೆ ಮಾರಾಟದ ಹಂಗಾಮೂ ಆಗಿದೆ. ಗಿಡ ಮಾರಿ ಬದುಕುವವರು ಗಿಡ ನೆಡಿರೆಂದು ಕರೆ ಕೊಡುವುದರಲ್ಲಿ ಆಕ್ಷೇಪಿಸುವಂಥದ್ದು ಏನೂ ಇಲ್ಲ. ಆದರೆ ಆ ಕರೆಯ ಜತೆ ಬರುವ ರಿಯಾಯಿತಿ, ಅಂದರೆ 'ಒಂದು ಕೊಂಡರೆ ಒಂದು ಉಚಿತ' ಎಂಬಂಥ ಕೊಡುಗೆ, ಕರೆಯ ಉದ್ದೇಶಕ್ಕೆ ಹೊಂದುತ್ತದೆಯೇ ಎಂಬುದನ್ನು ಪರಿಶೀಲಿಸಬೇಕು. ಕರೆಯು ಮರವಾಗುವ ಗಿಡದ ಮಾತನಾಡಿದರೆ, ಕೊಡುಗೆಯು ಅಂಗಡಿಯಿಂದ ಹೊರಬಿದ್ದ ಗಿಡಗಳ ಸಂಖ್ಯೆಯನ್ನಷ್ಟೇ ಹೆಚ್ಚಿಸುತ್ತದೆ.

ಹೈದರಾಬಾದಿನ ಕಾಚಿಗೂಡದಂಥ ಬಡಾವಣೆಯಲ್ಲಿ ಈ ಅಂತರ ಎದ್ದು ಕಾಣುತ್ತದೆ. ರೈಲು ನಿಲ್ದಾಣದ ಸುತ್ತ ಒತ್ತೊತ್ತಾಗಿ ಬೆಳೆದ ಈ ಹಳೆಯ ಪ್ರದೇಶದ ಓಣಿಗಳಲ್ಲಿ ತಲೆಯ ಮೇಲೆ ವಿದ್ಯುತ್ ತಂತಿ, ಕಾಲ ಕೆಳಗೆ ಸಿಮೆಂಟು ಇರುವುದರಿಂದ, ಒಂದು ಮನೆಗೆ ಒಂದು ಗಿಡಕ್ಕೆ ಜಾಗ ಸಿಕ್ಕರೂ ಎರಡನೆಯದಕ್ಕೆ ಸಿಗುವುದು ಕಷ್ಟ. ಹಾಗಾಗಿ ಉಚಿತವಾಗಿ ಬಂದ ಎರಡನೆಯ ಸಸಿ ಬಹುಮಟ್ಟಿಗೆ ಚೀಲದಲ್ಲೇ ಉಳಿದು ಒಣಗುತ್ತದೆ. ದಿನಾಂಕವೂ ಅನುಕೂಲಕರವಾಗಿಲ್ಲ. ಇಲ್ಲಿಗೆ ಮುಂಗಾರು ಸಾಮಾನ್ಯವಾಗಿ ಜೂನ್ ಎರಡನೆಯ ವಾರದ ಹೊತ್ತಿಗೆ ಬರುವುದರಿಂದ 5ನೆಯ ತಾರೀಕಿನಂದು ನೆಲ ಇನ್ನೂ ಕಾದಿರುತ್ತದೆ; ತೆಲಂಗಾಣದ ಶಾಲೆಗಳು ಬೇಸಿಗೆ ರಜೆ ಮುಗಿಸಿ ತೆರೆಯುವುದೂ ಸಾಮಾನ್ಯವಾಗಿ ಅದೇ ಎರಡನೆಯ ವಾರದಲ್ಲಾದ್ದರಿಂದ ಶಾಲೆಯ ಅಂಗಳದಲ್ಲಿ ನೆಟ್ಟ ಸಸಿಗೆ ಮೊದಲ ದಿನಗಳಲ್ಲಿ ನೀರು ಹಾಕುವ ಮಕ್ಕಳೂ ಇರುವುದಿಲ್ಲ. ಕೆ. ಎಂ. ಮುನ್ಷಿಯವರು 1950ರಲ್ಲಿ ಆರಂಭಿಸಿದ ವನಮಹೋತ್ಸವವನ್ನು ಜುಲೈ ಮೊದಲ ವಾರದಲ್ಲಿ ಇರಿಸಿರುವುದು ಈ ದೃಷ್ಟಿಯಿಂದ ಹೆಚ್ಚು ವಿವೇಕದ ಆಯ್ಕೆ. ನರ್ಸರಿಯು ಜೂನ್ 5ರಂದು ಹಣ ಪಡೆದು ಚೀಟಿ ಕೊಟ್ಟು, ಎರಡು ಮೂರು ಹದಮಳೆ ಬಿದ್ದ ಮೇಲೆ ಸಸಿಯನ್ನು ಮನೆಗೆ ತಲುಪಿಸಿದರೆ ದಿನದ ಗೌರವವೂ ಗಿಡದ ಜೀವವೂ ಉಳಿಯುತ್ತವೆ.

ಸಸಿಯ ಗುಣವನ್ನು ಅಳೆಯುವಲ್ಲಿಯೂ ಕೊಡುಗೆಗಳು ದಾರಿ ತಪ್ಪಿಸುತ್ತವೆ. ಹೈದರಾಬಾದಿನಲ್ಲಿ ಮಾರಾಟವಾಗುವ ಗಿಡಗಳಲ್ಲಿ ಗಣನೀಯ ಪಾಲು ಆಂಧ್ರದ ಗೋದಾವರಿ ತೀರದ ಕಡಿಯಂ ನರ್ಸರಿಗಳಿಂದ ಬರುತ್ತದೆ. ಅಲ್ಲಿನ ಜಿಗುಟು ಮಣ್ಣಿನ ಮುದ್ದೆಯಲ್ಲಿ ಬೆಳೆದ ಬೇರು ಇಲ್ಲಿನ ಮೊರಂಗೆ, ಅಂದರೆ ಜಲ್ಲಿ ಬೆರೆತ ಒರಟು ನೆಲಕ್ಕೆ, ಒಗ್ಗಿಕೊಳ್ಳಲು ಸಮಯ ಬೇಕು. ಮುದ್ದೆ ಒಮ್ಮೆ ಒಣಗಿ ಗಟ್ಟಿಯಾದರೆ ಹಾಕಿದ ನೀರು ಅದರ ಒಳಹೋಗದೆ ಪಕ್ಕದ ಸಡಿಲ ಮಣ್ಣಿಗೆ ಹರಿದುಬಿಡುತ್ತದೆ. ಪಾತಿ ತೇವವಾಗಿ ಕಂಡರೂ ಎಲೆ ಬಾಡುವುದಕ್ಕೆ ಇದು ಕಾರಣ. ರಿಯಾಯಿತಿಯಲ್ಲಿ ಹಳೆಯ ದಾಸ್ತಾನು ಖಾಲಿ ಮಾಡುವಾಗ ಚೀಲದಲ್ಲಿ ಬಹುಕಾಲ ಉಳಿದ ಎತ್ತರದ ಸಸಿಗಳೂ ಹೊರಬರುತ್ತವೆ. ಚೀಲದ ಒಂದು ಬದಿಯನ್ನು ಸೀಳಿ ನೋಡಿದಾಗ ಬೇರು ತಳದಲ್ಲಿ ಸಿಂಬೆಯಂತೆ ಸುತ್ತಿಕೊಂಡಿದ್ದರೆ, ಆ ಸುರುಳಿಯನ್ನು ಕತ್ತರಿಸದೆ ನೆಟ್ಟ ಮರ ವರ್ಷಗಳ ನಂತರ ಗಾಳಿಗೆ ಉರುಳುವ ಸಂಭವ ಹೆಚ್ಚು. ಮೊಣಕಾಲೆತ್ತರದ ಎಳೆಯ ಹೊಂಗೆ ಸಸಿ ಇಂಥ ಆಳೆತ್ತರದ ಗಿಡಕ್ಕಿಂತ ಉತ್ತಮ ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ, ಏಕೆಂದರೆ ಬೆಲೆ ನಿಗದಿಯಾಗುವುದು ಎತ್ತರದ ಮೇಲೆ.

ಸಂದೇಶಕ್ಕೆ ಒಪ್ಪುವ ಕೊಡುಗೆ ಹೇಗಿರಬೇಕೆಂಬುದಕ್ಕೆ ಕರ್ನಾಟಕದಲ್ಲಿಯೇ ಉತ್ತರವಿದೆ. ಅರಣ್ಯ ಇಲಾಖೆಯು 2011-12ರಲ್ಲಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತನಿಗೆ ಸಸಿ ಕಡಿಮೆ ಬೆಲೆಗೆ ದೊರೆಯುತ್ತದೆ. ಪ್ರೋತ್ಸಾಹಧನ ಮಾತ್ರ ಬದುಕುಳಿದ ಗಿಡಕ್ಕೆ. ಪರಿಷ್ಕೃತ ದರದಂತೆ ಮೊದಲ ವರ್ಷದ ಕೊನೆಗೆ 35, ಎರಡನೆಯ ವರ್ಷಕ್ಕೆ 40, ಮೂರನೆಯ ವರ್ಷಕ್ಕೆ 50, ಒಟ್ಟು 125 ರೂಪಾಯಿ. ಮೊತ್ತ ದೊಡ್ಡದಲ್ಲ, ಆದರೆ ವರ್ಷದಿಂದ ವರ್ಷಕ್ಕೆ ಏರುವ ಈ ಕ್ರಮ ನೆಡುವುದಕ್ಕಿಂತ ಕಾಯುವುದಕ್ಕೆ ಹೆಚ್ಚು ಬೆಲೆ ಕಟ್ಟುತ್ತದೆ. ಖಾಸಗಿ ನರ್ಸರಿಗೂ ಇದು ಅಸಾಧ್ಯವಲ್ಲ. ನೂರು ರೂಪಾಯಿಯ ಸಸಿಗೆ ಜೂನ್‌ನಲ್ಲಿ 20 ರೂಪಾಯಿ ಕಡಿಮೆ ಮಾಡಿ ನೂರು ಸಸಿ ಮಾರಿದರೆ ಅಂಗಡಿ ಬಿಟ್ಟುಕೊಡುವುದು 2,000 ರೂಪಾಯಿ. ಅದರ ಬದಲು ಪೂರ್ತಿ ಬೆಲೆ ಪಡೆದು, ಮುಂದಿನ ಮೇ ಕೊನೆಗೆ ಬದುಕಿರುವ ಗಿಡದ ಚಿತ್ರ ತೋರಿಸಿದವರಿಗೆ 40 ರೂಪಾಯಿಯ ಗೊಬ್ಬರ ಕೊಡುವುದಾದರೆ, ಐವತ್ತು ಗಿಡ ಉಳಿದರೂ ಖರ್ಚು ಅಷ್ಟೇ ಆಗುತ್ತದೆ. ಹಳೆಯ ಚಿತ್ರ ತೋರಿಸಿ ಮೋಸ ಮಾಡುವ ಸಾಧ್ಯತೆ ಇದ್ದೇ ಇದೆ; ಗಿಡಕ್ಕೆ ಕಟ್ಟಿದ ಸಂಖ್ಯೆಯ ಚೀಟಿ ಅದನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಖಾಲಿ ಪ್ಲಾಸ್ಟಿಕ್ ಚೀಲ ಹಿಂತಿರುಗಿಸಿದವರಿಗೂ ಒಂದಿಷ್ಟು ಹಣ ಮರಳಿದರೆ, 2018ರಲ್ಲಿ ಪ್ಲಾಸ್ಟಿಕ್ ಮಾಲಿನ್ಯದ ವಿರುದ್ಧ ಭಾರತವೇ ಆತಿಥ್ಯ ವಹಿಸಿದ ಅದೇ ದಿನಾಚರಣೆಯ ಹೆಸರಿನಲ್ಲಿ ಕಪ್ಪು ಚೀಲಗಳು ಓಣಿಯ ಚರಂಡಿ ಸೇರುವುದು ತಪ್ಪುತ್ತದೆ.

ಮೇ ತಿಂಗಳಲ್ಲಿ ಎಷ್ಟು ಗಿಡ ಉಳಿದವೆಂದು ಹೇಳಲಾರದ ಅಭಿಯಾನವನ್ನು ಮಾರಾಟವೆಂದೇ ಎಣಿಸಬೇಕು. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಂಥ ಸಂಸ್ಥೆಗಳು ಸಸಿಗಳನ್ನು ಒಟ್ಟಾಗಿ ಕೊಳ್ಳುವ ಸಂದರ್ಭ ಬಂದರೆ ರಿಯಾಯಿತಿ ಎಷ್ಟೆಂದು ಕೇಳುವ ಮೊದಲು ಆ ಲೆಕ್ಕವನ್ನು ಕೇಳಲಿ.